ಬ್ಯಾಡಗಿಯ ಸಂಚಿಕೆ ನೋಡಿ ಬ್ಯಾಡಗಿಗೆ ಹೋಗುವುದು ಹೇಗೆ?

ಯೂಟ್ಯೂಬ್‌ನ ಊಟ-ಪ್ರವಾಸ ಕಾರ್ಯಕ್ರಮದ ಒಂದು ಸಂಚಿಕೆ ನೋಡಿ, ಕಳೆದ ವರ್ಷ ಆಗಸ್ಟ್ ತಿಂಗಳ ಭಾನುವಾರ ಹುಬ್ಬಳ್ಳಿಯಿಂದ ನಮ್ಮ ಮನೆಯವರೆಲ್ಲ ಬ್ಯಾಡಗಿಗೆ ಹೊರಟೆವು. ಪರದೆಯ ಮೇಲೆ ಕಂಡದ್ದು ಮೆಣಸಿನಕಾಯಿಯ ಕೆಂಪು ಗುಡ್ಡಗಳು. ನಮಗೆ ಸಿಕ್ಕಿದ್ದು ಗುಡಿಸಿಟ್ಟ ಖಾಲಿ ಮಾರುಕಟ್ಟೆ ಪ್ರಾಂಗಣ. ತೆರೆದಿದ್ದದ್ದು ಸಂಚಿಕೆಯಲ್ಲಿ ತೋರಿಸಿದ್ದ ಖಾರದ ಪುಡಿಯ ಮಳಿಗೆಯೊಂದೇ. ಅತ್ತಿಗೆ ಕಾರಿನಿಂದ ಇಳಿಯದೆ ಕೇಳಿದರು: “ತಮ್ಮಾ, ನಾವು ಊರು ನೋಡಲು ಬಂದೆವೋ, ಅಂಗಡಿ ನೋಡಲು ಬಂದೆವೋ?”

ಮನೆಗೆ ಬಂದು ಅದೇ ಸಂಚಿಕೆಯನ್ನು ಮತ್ತೆ ನೋಡಿದೆ. ಈ ಬಾರಿ ಕೈಯಲ್ಲಿ ಗಡಿಯಾರ ಮತ್ತು ಒಂದು ಹಾಳೆ ಇತ್ತು. ಅಂದಿನಿಂದ ಹೊರಡುವ ಮುನ್ನ ಮಾಡುವ ಕೆಲಸಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗುರುತು ಹುಡುಕಿ

ಯೂಟ್ಯೂಬ್‌ನಲ್ಲಿ ಹಣ ಪಡೆದು ಮಾಡಿದ ವಿಡಿಯೊ ಎಂದು ಅದನ್ನು ಮಾಡಿದವರು ಘೋಷಿಸಿದ್ದರೆ, ಆರಂಭದ ಕೆಲವು ಸೆಕೆಂಡು Includes paid promotion ಎಂಬ ಸಾಲು ಮೂಲೆಯಲ್ಲಿ ಬರುತ್ತದೆ. ನಾವು ಮುಂದಕ್ಕೆ ಓಡಿಸಿ ನೋಡುವುದರಿಂದ ಅದು ತಪ್ಪಿಹೋಗುತ್ತದೆ. ಸಾಲು ಇಲ್ಲದ ಮಾತ್ರಕ್ಕೆ ಜಾಹೀರಾತಲ್ಲ ಎಂದೂ ಹೇಳಲಾಗದು, ಘೋಷಿಸಬೇಕಾದವರು ವಿಡಿಯೊ ಮಾಡಿದವರೇ.

ನಮ್ಮ ದೇಶದ ನಿಯಮ ಇದಕ್ಕಿಂತ ಬಿಗಿಯಾಗಿದೆ. ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿಯ ಪ್ರಕಾರ, ಎರಡು ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೊದಲ್ಲಿ ಸರಕಿನ ಬಗ್ಗೆ ಮಾತನಾಡುವ ಭಾಗ ಮುಗಿಯುವವರೆಗೂ ಜಾಹೀರಾತು ಎಂಬ ಗುರುತು ಪರದೆಯ ಮೇಲಿರಬೇಕು. ಕೊಟ್ಟದ್ದು ನಗದೇ ಆಗಬೇಕೆಂದಿಲ್ಲ. ಪುಕ್ಕಟೆ ಊಟ, ವಸತಿ, ಪ್ರಯಾಣ, ಉಡುಗೊರೆಗಳೂ ಲೆಕ್ಕಕ್ಕೆ ಬರುತ್ತವೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಸೂಚನೆಯಂತೆ ಈ ಗುರುತು ಕಾರ್ಯಕ್ರಮದ ಭಾಷೆಯಲ್ಲೇ ಇರಬೇಕು, ವಿಡಿಯೊ ಆದರೆ ದೃಶ್ಯದಲ್ಲೂ ಧ್ವನಿಯಲ್ಲೂ ಇರಬೇಕು. ಕನ್ನಡದಲ್ಲಿ ಇಪ್ಪತ್ತು ನಿಮಿಷ ಮಾತನಾಡಿ, ವಿವರಣೆಯ ಕೊನೆಯಲ್ಲಿ ಹತ್ತಾರು ಹ್ಯಾಷ್‌ಟ್ಯಾಗ್‌ಗಳ ನಡುವೆ #ad ಎಂದು ತುರುಕಿದರೆ ಸಾಲದು. ನನಗೆ ಇದು ಸಣ್ಣ ತಪ್ಪಾಗಿ ಕಾಣುವುದಿಲ್ಲ. ಓದಲು ಬಾರದ ನನ್ನ ಸೋದರತ್ತೆಯೂ ಅದೇ ವಿಡಿಯೊ ನೋಡುತ್ತಾರೆ, ಅವರಿಗೆ ಕೇಳಿಸಿದ್ದೇ ಸತ್ಯ.

ಆಮೇಲೆ ನಿಮಿಷ ಎಣಿಸಿ

ನಾನು ನೋಡಿದ ಸಂಚಿಕೆ 22 ನಿಮಿಷದ್ದು. ಮಾರುಕಟ್ಟೆಯ ಪ್ರಾಂಗಣಕ್ಕೆ ಸಿಕ್ಕಿದ್ದು ಮೂರು ನಿಮಿಷ. ಆ ಖಾರದ ಪುಡಿಯ ಮಳಿಗೆಯವರ ಗಿರಣಿಯೊಂದರ ಪ್ಯಾಕಿಂಗ್ ಕೋಣೆ ಒಂಬತ್ತು ನಿಮಿಷ ನುಂಗಿತ್ತು. ರೈತರು, ದಲಾಲರು, ಹಮಾಲರು ದೃಶ್ಯದಲ್ಲಿದ್ದರೂ ಒಬ್ಬರ ಬಾಯಿಂದಲೂ ಒಂದು ಮಾತಿಲ್ಲ. ಗಿರಣಿಯವರ ಮಾತು ಮಾತ್ರ ಇತ್ತು. ಕೊನೆಯಲ್ಲಿ ರಿಯಾಯಿತಿಯ ಕೋಡ್.

ಎಣಿಸುವಾಗಲೇ ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಳ್ಳಿ: ಯಾವ ತಿಂಗಳು, ಯಾವ ವಾರ, ತಲುಪುವುದು ಹೇಗೆ, ಆ ಅಂಗಡಿ ಮುಚ್ಚಿದ್ದರೆ ನೋಡಲು ಇನ್ನೇನಿದೆ. ಪ್ರಾಮಾಣಿಕ ಸಂಚಿಕೆಯಾದರೆ ಕನಿಷ್ಠ ಮೂರಕ್ಕೆ ಉತ್ತರ ತಾನಾಗಿ ಸಿಗುತ್ತದೆ, ಏಕೆಂದರೆ ಮಾಡಿದವರು ಆ ಊರಿನಲ್ಲಿ ಬಸ್ಸಿಗೆ ಕಾದಿರುತ್ತಾರೆ, ಬಾಗಿಲು ಹಾಕಿದ ಅಂಗಡಿಯ ಮುಂದೆ ನಿಂತಿರುತ್ತಾರೆ. ನನ್ನ ಹಾಳೆಯಲ್ಲಿ ನಾಲ್ಕೂ ಖಾಲಿ ಉಳಿದವು. ವಿಳಾಸ ಮಾತ್ರ ಪೂರ್ತಿ ಇತ್ತು.

ಖಾಲಿ ಜಾಗ ತುಂಬುವುದು

ಇಂಥ ಸಂಚಿಕೆಯನ್ನು ಎಸೆಯಬೇಕಾಗಿಲ್ಲ. ಅಂಗಡಿಯ ಹೆಸರನ್ನು ಹೊಡೆದುಹಾಕಿ ಅದರ ಜಾಗದಲ್ಲಿ ಪದಾರ್ಥದ ಹೆಸರು ಬರೆಯಿರಿ. ನಮ್ಮ ಹಾಳೆಯಲ್ಲಿ ಆಗ ಉಳಿದದ್ದು ಬ್ಯಾಡಗಿ ಮೆಣಸಿನಕಾಯಿ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಬೆಳೆ. ಪ್ರಶ್ನೆಗಳನ್ನು ಅದಕ್ಕೇ ಕೇಳಬೇಕು.

ಮಳೆಗಾಲದ ಆರಂಭದಲ್ಲಿ ಹಚ್ಚಿದ ಗಿಡದ ಕಾಯಿ ಹಣ್ಣಾಗಿ, ಒಣಗಿ ಮಾರುಕಟ್ಟೆಗೆ ಬರುವುದು ಚಳಿಗಾಲದಲ್ಲಿ. ಆವಕ ಜೋರಾಗಿರುವುದು ಜನವರಿಯಿಂದ ಬೇಸಿಗೆಯವರೆಗೆ. ವಹಿವಾಟಿನ ದಿನಗಳು ಸೋಮವಾರ ಮತ್ತು ಗುರುವಾರ. ನಮ್ಮ ಆಗಸ್ಟಿನ ಭಾನುವಾರ ಎರಡೂ ಲೆಕ್ಕದಲ್ಲಿ ತಪ್ಪಾಗಿತ್ತು. ಹಬ್ಬಕ್ಕೆ ರಜೆ ಬೀಳುವುದುಂಟು, ಆದ್ದರಿಂದ ಹಿಂದಿನ ದಿನ ಎಪಿಎಂಸಿ ಕಚೇರಿಗೋ ದಲಾಲಿ ಅಂಗಡಿಗೋ ಫೋನ್ ಮಾಡಿ ಕೇಳಿ. ಬ್ಯಾಡಗಿಗೆ ರೈಲು ನಿಲ್ದಾಣವೂ ಇದೆ, ಹಾವೇರಿ ಮತ್ತು ರಾಣೆಬೆನ್ನೂರಿನ ನಡುವೆ. ರಸ್ತೆಯಲ್ಲಿ ಹೋಗುವವರು ಹೆದ್ದಾರಿಯ ಮೋಟೆಬೆನ್ನೂರಿನಲ್ಲಿ ತಿರುಗಬೇಕು.

ಈ ಫೆಬ್ರವರಿಯ ಒಂದು ಸೋಮವಾರ ಮತ್ತೆ ಹೋದೆವು, ಅತ್ತಿಗೆಯನ್ನು ಒಪ್ಪಿಸಿಯೇ. ಬೆಳಿಗ್ಗೆ ಬೇಗ ತಲುಪಿದಾಗ ಚೀಲಗಳ ಬಾಯಿ ಬಿಚ್ಚಿ ಸಾಲಾಗಿ ಇಟ್ಟಿದ್ದರು. ಖರೀದಿದಾರರು ಒಂದೊಂದು ಲಾಟಿನಿಂದ ಹಿಡಿಯಷ್ಟು ಎತ್ತಿ ನೋಡಿ ಟೆಂಡರ್ ದರ ಹಾಕುತ್ತಿದ್ದರು. ಘಾಟು ಎಷ್ಟಿರುತ್ತದೆ ಎಂದು ಯಾವ ಸಂಚಿಕೆಯೂ ಹೇಳಿರಲಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಒಳಗೆ ಹೋಗಿ, ಮಕ್ಕಳು ಕಣ್ಣು ಉಜ್ಜಿಕೊಳ್ಳದಂತೆ ನೋಡಿಕೊಳ್ಳಿ. ಹಮಾಲರ ದಾರಿಗೆ ಅಡ್ಡ ನಿಲ್ಲಬೇಡಿ.

ಸಂಚಿಕೆ ಮುಚ್ಚಿಟ್ಟ ಇನ್ನೊಂದು ಸಂಗತಿ ಅಲ್ಲಿ ತಿಳಿಯಿತು. ಪ್ರಾಂಗಣದ ಕಾಯಿಯೆಲ್ಲ ಹಾವೇರಿ ಜಿಲ್ಲೆಯದಲ್ಲ. ಬಳ್ಳಾರಿ, ರಾಯಚೂರು ಕಡೆಯಿಂದಲೂ ಆಂಧ್ರದಿಂದಲೂ ಚೀಲಗಳು ಬರುತ್ತವೆ, ಗುಂಟೂರು ಜಾತಿಯ ಕಾಯಿಯೂ ಅವುಗಳಲ್ಲಿರುತ್ತದೆ. “ಇದು ಎಲ್ಲಿಯ ಮಾಲು, ಅಣ್ಣಾ?” ಎಂದು ಕೇಳಿದರೆ ದಲಾಲರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕಣ್ಣಿಗೂ ಗುರುತು ಸಿಗುತ್ತದೆ: ಬ್ಯಾಡಗಿ ಕಾಯಿಯ ಸಿಪ್ಪೆ ಸುಕ್ಕುಸುಕ್ಕು, ಬಣ್ಣ ಗಾಢ, ಖಾರ ಕಡಿಮೆ, ಗುಂಟೂರಿನದು ನುಣುಪು, ಖಾರ ಹೆಚ್ಚು. ಬ್ಯಾಡಗಿ ಕಾಯಿಯಲ್ಲೇ ಎರಡು ಬಗೆ: ಕಡ್ಡಿ ಉದ್ದ ಮತ್ತು ಸಪೂರ, ಡಬ್ಬಿ ಗಿಡ್ಡ ಮತ್ತು ದುಂಡು.

ಮನೆಗೆ ಬೇಕಾದಷ್ಟನ್ನು ಊರೊಳಗಿನ ಚಿಲ್ಲರೆ ಅಂಗಡಿಗಳಲ್ಲಿ ಕೊಳ್ಳಬಹುದು. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಮೆತ್ತಗೆ ಅಂಟಿಕೊಂಡೇ ಉಳಿದರೆ ಅದರಲ್ಲಿ ತೇವವಿದೆ ಎಂದು ತಿಳಿಯಿರಿ. ತೇವ ತೂಕ ಹೆಚ್ಚಿಸುತ್ತದೆ, ಆಮೇಲೆ ಬೂಷ್ಟು ತರುತ್ತದೆ. ಒಂದು ಕಾಯಿ ಸೀಳಿ ಒಳಗೆ ನೋಡದೆ ಕೊಳ್ಳಬೇಡಿ. ನಾವು ಎರಡು ಕಿಲೊ ಡಬ್ಬಿ ತಂದೆವು. ಮೊದಲ ಸಲ ನೋಡಿದ್ದ ಆ ಮಳಿಗೆಯ ಪುಡಿಯೂ ಕೆಟ್ಟದ್ದೇನಲ್ಲ. ಸಂಚಿಕೆ ಮಾಡಿದವರು ಹಣ ಪಡೆದಿದ್ದರೆ ಅದನ್ನು ಹೇಳಬೇಕಿತ್ತು, ಅಷ್ಟೇ ನನ್ನ ತಕರಾರು.

ಹಿಂತಿರುಗುವಾಗ ಹಾವೇರಿಯಲ್ಲಿ ಇಳಿಯಲು ಸಮಯ ಇಟ್ಟುಕೊಳ್ಳಿ. ಪಶ್ಚಿಮಕ್ಕೆ ಮುಖ ಮಾಡಿದ ಸಿದ್ಧೇಶ್ವರ ದೇವಾಲಯಕ್ಕೆ ಸಂಜೆಯ ಬಿಸಿಲು ನೇರವಾಗಿ ಬೀಳುತ್ತದೆ. ಸಭೆಗಳಲ್ಲಿ ಗಣ್ಯರ ಕೊರಳಿಗೆ ಬೀಳುವ ಏಲಕ್ಕಿ ಹಾರ ಕಟ್ಟುವುದೂ ಇದೇ ಊರಿನಲ್ಲಿ. ನನ್ನ ಹಾಳೆಯ ನಾಲ್ಕನೆಯ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ಗುರುತಿಲ್ಲದ ಜಾಹೀರಾತೆಂದು ಖಚಿತವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಸಂಚಿಕೆಯ ಹೆಸರು, ಸರಕು ಬರುವ ನಿಮಿಷ, ರಿಯಾಯಿತಿ ಕೋಡ್ ಕಾಣುವ ಪರದೆಯ ಚಿತ್ರ, ಇವು ಕೈಯಲ್ಲಿರಲಿ. ನಿಮಿಷ ಎಣಿಸಿದ ಹಾಳೆ ಆಗ ಕೆಲಸಕ್ಕೆ ಬರುತ್ತದೆ. ನನ್ನದು ಈಗ ನೆರೆಮನೆಯವರ ಬಳಿ ಇದೆ. ಅವರು ಮುಂದಿನ ಗುರುವಾರ ಹೊರಡುತ್ತಾರೆ.