ಕಾಳುಮೆಣಸಿನ ರಾಯಲ್ಟಿಗೆ ಹತ್ತೋ, ಇಪ್ಪತ್ತೋ?

ಶಿರಸಿಯ ಸಿ.ಪಿ. ಬಜಾರ್ ಹತ್ತಿರ ನನ್ನದೊಂದು ಸಣ್ಣ ಆಡಿಟ್ ಆಫೀಸು. ಇಲ್ಲಿ ಬರುವುದೆಲ್ಲ ಅಡಿಕೆ ಮಂಡಿ, ಸೊಸೈಟಿ, ಕಂತ್ರಾಟುದಾರರ ಲೆಕ್ಕವೇ. ವಿದೇಶಿ ಕಂಪನಿಗೆ ರಾಯಲ್ಟಿ ಕೊಡುವವರು ಒಬ್ಬರೋ ಇಬ್ಬರೋ. ಅವರಲ್ಲಿ ಒಬ್ಬರು ಕಾಳುಮೆಣಸನ್ನು ಹಬೆಯಲ್ಲಿ ಶುದ್ಧಮಾಡಿ ರಫ್ತು ಮಾಡುತ್ತಾರೆ. ಆ ವಿಧಾನ ಜರ್ಮನಿಯ ಒಂದು ಕಂಪನಿಯದು. ಹಬೆಯ ಒತ್ತಡ, ಹೊತ್ತು, ಒಣಗಿಸುವ ಕ್ರಮ ಎಲ್ಲ ಅವರು ಹೇಳಿಕೊಟ್ಟದ್ದು. ಅದಕ್ಕೆ ವರ್ಷಕ್ಕೊಮ್ಮೆ ಮಾರಾಟದ ಮೇಲೆ ರಾಯಲ್ಟಿ. ಆ ರಾಯಲ್ಟಿಗೆ ಇಲ್ಲಿಯ ಆದಾಯ ತೆರಿಗೆ ಕಡಿದು ಸರ್ಕಾರಕ್ಕೆ ಕಟ್ಟಬೇಕು.

2023ರ ನವೆಂಬರಿನಲ್ಲಿ ಮಾಲೀಕರು ಫೋನ್ ಮಾಡಿದರು. "ಹೋದ ಸಲ ಹತ್ತು ಪರ್ಸೆಂಟ್ ಕಟ್ಟಿದ್ದು. ಈಗ ಬ್ಯಾಂಕಿನವರು ಇಪ್ಪತ್ತು ಅಂತಾರಲ್ಲ, ಎಂತಕ್ಕೆ ಮಾರಾಯ್ರೆ?"

ಬ್ಯಾಂಕಿನವರು ಸುಳ್ಳು ಹೇಳಿರಲಿಲ್ಲ. ವಿದೇಶಿ ಕಂಪನಿಗೆ ಕೊಡುವ ರಾಯಲ್ಟಿಗೆ ಆಗ ಇದ್ದ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 115ಎ ದರ 2023ರ ಮಾರ್ಚ್ 31ರ ತನಕ 10 ಶೇಕಡಾ ಇತ್ತು. ಏಪ್ರಿಲ್ 1ರಿಂದ ಅದು 20 ಆಯಿತು. ಅದರ ಮೇಲೆ 4 ಶೇಕಡಾ ಸೆಸ್ ಸೇರಿ 20.8. ರಾಯಲ್ಟಿ ಒಂದು ಕೋಟಿ ದಾಟಿದರೆ ಸರ್‌ಚಾರ್ಜ್ ಬೇರೆ. ಆದರೆ ಜರ್ಮನಿಯ ಜೊತೆಗಿನ ತೆರಿಗೆ ಒಪ್ಪಂದದ 12ನೇ ವಿಧಿಯಲ್ಲಿ ರಾಯಲ್ಟಿಗೆ ಗರಿಷ್ಠ 10 ಶೇಕಡಾ, ಅದರ ಮೇಲೆ ಸೆಸ್ಸೂ ಇಲ್ಲ, ಸರ್‌ಚಾರ್ಜೂ ಇಲ್ಲ. ಎರಡರಲ್ಲಿ ಯಾವುದು ಅನುಕೂಲವೋ ಅದನ್ನು ಹಿಡಿಯಬಹುದು ಎಂದು ಅದೇ ಕಾಯ್ದೆಯ ಸೆಕ್ಷನ್ 90(2) ಹೇಳುತ್ತಿತ್ತು. ಹಳೆಯ ದರ ಇದ್ದಾಗ ಎರಡರ ನಡುವೆ ಸೆಸ್ಸಿನಷ್ಟೇ ಅಂತರ, ಹಾಗಾಗಿ ಒಪ್ಪಂದದ ಕಾಗದಪತ್ರಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಾನೂ ಅಷ್ಟೆ.

ಎಲ್ಲ ದೇಶಕ್ಕೂ ಹತ್ತೇ ಎಂದುಕೊಳ್ಳಬೇಡಿ. ಅಮೆರಿಕಕ್ಕೆ ಸಾಮಾನ್ಯವಾಗಿ 15, ಡೆನ್ಮಾರ್ಕಿಗೆ 20. ಡೆನ್ಮಾರ್ಕ್ ಆಗಿದ್ದರೆ ಉಳಿಯುತ್ತಿದ್ದುದು ಬರೀ ಸೆಸ್ಸು.

ನಾನು ಮೊದಲು ತೆರೆದು ನೋಡಿದ್ದು ದರದ ಪಟ್ಟಿಯನ್ನಲ್ಲ, ಇವರಿಬ್ಬರ ಕರಾರನ್ನು. ಅದರಲ್ಲಿ ಒಂದು ಸಾಲಿತ್ತು: ಭಾರತದ ತೆರಿಗೆ ಏನಿದ್ದರೂ ಕೊಡುವವರದೇ, ಜರ್ಮನಿಗೆ ಪೂರ್ತಿ ಮೊತ್ತ ತಲುಪಬೇಕು. ಹೀಗಿದ್ದಾಗ ತೆರಿಗೆಯನ್ನೂ ರಾಯಲ್ಟಿಗೆ ಸೇರಿಸಿ, ಆ ಏರಿದ ಮೊತ್ತದ ಮೇಲೆ ತೆರಿಗೆ ಲೆಕ್ಕ ಹಾಕಬೇಕು. ಸೆಕ್ಷನ್ 195ಎ ಹೇಳುತ್ತಿದ್ದುದು ಇದನ್ನೇ, ನಾವು ಗ್ರಾಸ್ ಅಪ್ ಅನ್ನುತ್ತೇವೆ.

ಆ ವರ್ಷದ ರಾಯಲ್ಟಿ 40,000 ಯೂರೋ. ಯೂರೋಗೆ 90 ರೂಪಾಯಿ ಎಂದು ಇಟ್ಟುಕೊಂಡರೆ 36 ಲಕ್ಷ. (ನಿಜವಾಗಿ ಹಿಡಿಯಬೇಕಾದ್ದು ತೆರಿಗೆ ಕಡಿತದ ದಿನ ಸ್ಟೇಟ್ ಬ್ಯಾಂಕ್ ವಿದೇಶಿ ಹಣ ಕೊಳ್ಳುವ ಟಿಟಿ ಬೈಯಿಂಗ್ ದರ. ಬ್ಯಾಂಕ್ ನಿಮ್ಮ ಹತ್ತಿರ ವಸೂಲು ಮಾಡಿದ ದರ ಅಲ್ಲ.) ಕಾಗದದ ಮೇಲೆ ಹೀಗೆ ಬರೆದುಕೊಟ್ಟೆ, ಮೊದಲ ಸಾಲು ಒಪ್ಪಂದದ 10ಕ್ಕೆ, ಎರಡನೆಯದು ಕಾಯ್ದೆಯ 20.8ಕ್ಕೆ:

```
36,00,000 ÷ 0.90  = 40,00,000   ತೆರಿಗೆ 4,00,000
36,00,000 ÷ 0.792 = 45,45,455   ತೆರಿಗೆ 9,45,455
```

ಅಂತರ 5,45,455 ರೂಪಾಯಿ, ಅದೂ ಜರ್ಮನಿಯವರ ಜೇಬಿನಿಂದಲ್ಲ, ಮೆಣಸು ಒಣಗಿಸುವವರ ಜೇಬಿನಿಂದ. ಮಾಲೀಕರು ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿದರು. "ಹಾಗಾರೆ ಹತ್ತೇ ಕಟ್ಟುವ," ಅಂದರು. ಅಷ್ಟು ಸಲೀಸಾಗಿ ಆಗುವುದಾಗಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರಲಿಲ್ಲ.

ಒಪ್ಪಂದದ ದರಕ್ಕೆ ಟಿಆರ್‌ಸಿ ಬೇಕು. ಈ ಕಂಪನಿ ಜರ್ಮನಿಯ ತೆರಿಗೆ ನಿವಾಸಿ ಎಂದು ಅಲ್ಲಿಯ ತೆರಿಗೆ ಕಚೇರಿ ಕೊಡುವ ಪ್ರಮಾಣಪತ್ರ ಅದು. ನಮ್ಮ ಹಣಕಾಸು ವರ್ಷ ಅವರ ಎರಡು ಕ್ಯಾಲೆಂಡರ್ ವರ್ಷಗಳನ್ನು ಮುಟ್ಟುತ್ತದೆ, ಹಾಗಾಗಿ ಎರಡಕ್ಕೂ ಕೇಳಿ ಎಂದು ಮೇಲ್ ಹಾಕಿಸಿದೆ. ಡಿಸೆಂಬರಿನಲ್ಲಿ ಒಂದು ಪಿಡಿಎಫ್ ಬಂತು. ಜರ್ಮನ್ ಮುದ್ರೆ, ಸಹಿ, ನಂಬರು ಎಲ್ಲ ಇತ್ತು. ಮಾಲೀಕರಿಗೆ ಖುಷಿ. ನನಗೆ ಮಾತ್ರ ಅಡಿಯಲ್ಲಿದ್ದ ಸಣ್ಣಕ್ಷರ ಕಣ್ಣಿಗೆ ಬಿತ್ತು: USt 1 TN. ಅದು ಅವರ ವ್ಯಾಟ್ ನೋಂದಣಿಯ ದಾಖಲೆ. ನಮ್ಮಲ್ಲಿ ಜಿಎಸ್‌ಟಿ ಸರ್ಟಿಫಿಕೇಟ್ ಕಳಿಸಿದ ಹಾಗೆ. ವ್ಯಾಪಾರ ನೋಂದಾಯಿಸಿದೆ ಎಂದು ಅದು ಹೇಳುತ್ತದೆ, ಒಪ್ಪಂದದ ಮಟ್ಟಿಗೆ ಜರ್ಮನಿಯ ನಿವಾಸಿ ಎಂದು ಹೇಳುವುದಿಲ್ಲ. ಬೇಕಿದ್ದ ಕಾಗದದ ಹೆಸರು Ansässigkeitsbescheinigung. ಇದನ್ನು ಬಾಯಲ್ಲಿ ಹೇಳಲು ಹೋಗಬೇಡಿ, ಮೇಲಿನಲ್ಲಿ ಅಂಟಿಸಿ ಕಳಿಸಿ. ಹಾಗೆ ಕಳಿಸಿದ ಮೇಲೆ ಜನವರಿಯಲ್ಲಿ ಸರಿಯಾದದ್ದು ಬಂತು.

ಟಿಆರ್‌ಸಿಯ ಜೊತೆಗೆ, ವಿದೇಶಿ ಕಂಪನಿ ತನ್ನ ವಿವರ ತಾನೇ ಘೋಷಿಸುವ ಫಾರ್ಮ್ 10ಎಫ್ ಬೇಕಿತ್ತು. ಅದನ್ನು ಆ ಕಂಪನಿಯೇ ನಮ್ಮ ಆದಾಯ ತೆರಿಗೆ ಪೋರ್ಟಲಿನಲ್ಲಿ ಹಾಕಬೇಕಿತ್ತು. ಪ್ಯಾನ್ ಇಲ್ಲದ ವಿದೇಶಿಯರು ನೋಂದಾಯಿಸಿಕೊಳ್ಳಲು ಅಲ್ಲಿ ಬೇರೆ ದಾರಿಯೂ ಇತ್ತು. ನನ್ನ ಜೊತೆ ಕೆಲಸ ಮಾಡುವ ಹುಡುಗ "ಸರ್, ಹತ್ತು ನಿಮಿಷದ ಕೆಲಸ" ಅಂದ. ನಾನು ತಡೆದೆ. ಆ ದಾರಿಗೆ ಪ್ಯಾನ್ ಇಲ್ಲದಿದ್ದರಷ್ಟೇ ಸಾಲದು, ಪ್ಯಾನ್ ಬೇಕಾಗಿಯೂ ಇರಬಾರದು. ಈ ಕಂಪನಿಗೆ ಪ್ಯಾನ್ ಬೇಕೋ ಬೇಡವೋ?

ಉತ್ತರ ಸೆಕ್ಷನ್ 115ಎ(5)ರಲ್ಲಿತ್ತು. ಭಾರತದಲ್ಲಿ ರಾಯಲ್ಟಿಯಂಥ ಆದಾಯ ಮಾತ್ರ ಇರುವ ವಿದೇಶಿ ಕಂಪನಿ ಇಲ್ಲಿ ರಿಟರ್ನ್ ಹಾಕಬೇಕಿರಲಿಲ್ಲ. ಆದರೆ ಆ ವಿನಾಯಿತಿ ಸಿಗುತ್ತಿದ್ದುದು 115ಎಯಲ್ಲಿ ಹೇಳಿದ ದರಕ್ಕೆ ಕಡಿಮೆ ಇಲ್ಲದಂತೆ ತೆರಿಗೆ ಕಡಿತ ಆಗಿದ್ದರೆ ಮಾತ್ರ. ಆ ದರ 10 ಇದ್ದಾಗ ಒಪ್ಪಂದದ 10 ಸಾಕಾಗುತ್ತಿತ್ತು. ದರ 20 ಆದ ಮೇಲೆ 10 ಕಡಿದರೆ ವಿನಾಯಿತಿ ಹೋಯಿತು. ಜರ್ಮನಿಯ ಕಂಪನಿ ಇಲ್ಲಿ ಕಂಪನಿಗಳ ರಿಟರ್ನ್ ಐಟಿಆರ್-6 ಹಾಕಬೇಕು, ಅದಕ್ಕೆ ಪ್ಯಾನ್ ಬೇಕು, ಸಹಿ ಮಾಡುವವರಿಗೆ ಡಿಜಿಟಲ್ ಸಿಗ್ನೇಚರ್ ಬೇಕು. ರಿಟರ್ನ್ ಹಾಕಲೇಬೇಕಾದವರು ಪೋರ್ಟಲಿನಲ್ಲಿ "ಪ್ಯಾನ್ ಬೇಕಿಲ್ಲ" ಎಂಬ ಬಾಗಿಲಿನಿಂದ ಒಳಗೆ ಹೋಗುವುದು ನನಗೆ ಸರಿ ಕಾಣಲಿಲ್ಲ. ಹಾಗೆ ಹೋದವರು ಬೇಕಷ್ಟಿದ್ದಾರೆ, ಅದು ಬೇರೆ ಮಾತು.

ಜರ್ಮನಿಯ ಅಕೌಂಟೆಂಟಿಗೆ ಇದನ್ನು ತಿಳಿಸಲು ವಿಡಿಯೋ ಕಾಲೇ ಬೇಕಾಯಿತು. "ತೆರಿಗೆ ನೀವೇ ಕಟ್ಟುತ್ತೀರಿ, ಮತ್ತೆ ನಮಗೇಕೆ ರಿಟರ್ನ್?" ಎಂಬುದು ಆಕೆಯ ಪ್ರಶ್ನೆ, ನ್ಯಾಯವಾದದ್ದೇ. ಖರ್ಚು ನಮ್ಮವರೇ ಕೊಡುತ್ತಾರೆ ಎಂದ ಮೇಲೆ ಒಪ್ಪಿದರು. ಐದೂವರೆ ಲಕ್ಷ ಉಳಿಯುವಾಗ ಆ ಖರ್ಚು ಯಾವ ಲೆಕ್ಕ? ಪ್ಯಾನ್ ಅರ್ಜಿ ಆಗ ಫಾರ್ಮ್ 49ಎಎ. ಅದಕ್ಕೆ ಕಂಪನಿಯ ನೋಂದಣಿ ಪತ್ರ ಬೇರೆ ದೇಶದಲ್ಲೂ ನಡೆಯುವಂತೆ ಹಾಕುವ ಅಪೊಸ್ಟಿಲ್ ಮುದ್ರೆ ಬೇಕಿತ್ತು, ಹೊತ್ತು ತಿಂದದ್ದು ಅದೇ. ಇದು ಮುಗಿಯದ ಕೆಲಸ ಎಂದು ಮಾಲೀಕರು ದಿನವೂ ಗೊಣಗಿದರು. ಮೆಣಸು ಕೊಯ್ಲು ಜೋರಾಗಿದ್ದ ದಿನಗಳು ಅವು, ಅವರಿಗೂ ಪುರಸೊತ್ತಿಲ್ಲ.

ಪ್ಯಾನ್ ಬಂತು, ಆ ಲಾಗಿನ್‌ನಿಂದಲೇ 10ಎಫ್ ಹಾಕಿಸಿದೆವು. ಭಾರತದಲ್ಲಿ ತಮಗೆ ಕಾಯಂ ಕಚೇರಿ ಇಲ್ಲ, ಈ ಹಣದ ನಿಜವಾದ ಒಡೆಯರು ತಾವೇ ಎಂದು ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಒಂದು ಘೋಷಣೆ ಬರೆಸಿಕೊಂಡೆ. ಮಾರ್ಚಿನಲ್ಲಿ ಬಿಲ್ ಖಾತೆಗೆ ಬಿದ್ದ ದಿನವೇ ತೆರಿಗೆ ಕಡಿದೆವು. ಕಡಿತದ ದಿನ ಬರುವುದು ಜಮೆ ಅಥವಾ ಪಾವತಿ, ಯಾವುದು ಮೊದಲೋ ಆವತ್ತು. ತೆರಿಗೆಯ ಲೆಕ್ಕಕ್ಕೆ ಲೆಕ್ಕಪರಿಶೋಧಕರ ಪ್ರಮಾಣಪತ್ರವಾದ 15ಸಿಬಿ ನಾನು ಕೊಟ್ಟೆ, ವಿದೇಶಕ್ಕೆ ಹಣ ಕಳಿಸುವವರ ಘೋಷಣೆಯಾದ 15ಸಿಎ ಪಾರ್ಟ್ ಸಿ ಮಾಲೀಕರು ಹಾಕಿದರು, ಕಾಗದ ಬ್ಯಾಂಕಿನ ಹುಬ್ಬಳ್ಳಿ ಶಾಖೆಗೆ ಹೋಯಿತು.

ಒಂದು ತಪ್ಪು ಆಗಿಯೇ ಆಯಿತು. ವಿದೇಶಿಯರಿಗೆ ಕಡಿದ ತೆರಿಗೆಯ ಮೂರು ತಿಂಗಳ ಲೆಕ್ಕ ಕೊಡುವ 27ಕ್ಯೂನಲ್ಲಿ ನಮ್ಮ ಹುಡುಗ ಪಾವತಿಯ ಮೊತ್ತ 36 ಲಕ್ಷ ಎಂದು ತುಂಬಿದ್ದ, ತೆರಿಗೆ 4 ಲಕ್ಷ. ಭಾಗಿಸಿದರೆ 11.11 ಶೇಕಡಾ! ಆ ವಿಚಿತ್ರ ದರ ಕಂಡರೆ ಗ್ರಾಸ್ ಅಪ್ ಮಾಡಿದ ಮೊತ್ತ ಬಿಟ್ಟುಹೋಗಿದೆ ಎಂದೇ ತಿಳಿಯಬೇಕು. 40 ಲಕ್ಷ ಮಾಡಿ, ದರದ ಕಾಲಂನಲ್ಲಿ ಕಾಯ್ದೆಯ ಎ ಬದಲು ಒಪ್ಪಂದದ ಬಿ ಇದೆಯೇ ನೋಡಿ ಕಳಿಸಿದೆವು.

ಅದೇ ವರ್ಷ ಕಾರವಾರದ ಒಬ್ಬರು ಬಂದಿದ್ದರು. ಅಮೆರಿಕದ ಕಂಪನಿಯೊಂದರ ಚಿತ್ರಗಳನ್ನು ತಮ್ಮ ಸರಕಿನ ಮೇಲೆ ಮುದ್ರಿಸುವ ಹಕ್ಕಿಗೆ ವರ್ಷಕ್ಕೆ 1,200 ಡಾಲರ್, ಅಂದರೆ ಲಕ್ಷದ ಆಸುಪಾಸು. ಅವರ ಕರಾರಿನಲ್ಲೂ ತೆರಿಗೆ ಇವರದ್ದೇ. 15ಕ್ಕೂ 20.8ಕ್ಕೂ ಗ್ರಾಸ್ ಅಪ್ ಮಾಡಿ ನೋಡಿದರೆ ಅಂತರ ಸುಮಾರು ಎಂಟೂವರೆ ಸಾವಿರ. ಟಿಆರ್‌ಸಿ, ಪ್ಯಾನ್, ಡಿಜಿಟಲ್ ಸಿಗ್ನೇಚರ್, ರಿಟರ್ನ್ ಎಲ್ಲ ಅಷ್ಟರಲ್ಲಿ ಮುಗಿಯುವುದಿಲ್ಲ. "20.8 ಕಟ್ಟಿಬಿಡಿ, ಅವರು ರಿಟರ್ನ್ ಹಾಕುವುದೂ ತಪ್ಪುತ್ತದೆ," ಅಂದೆ. ಅವರು ಆವತ್ತೇ ಚಲನ್ ತುಂಬಿ ಸಂಜೆಯ ಬಸ್ಸಿಗೆ ಹೊರಟರು.