ಬರೀ ಹೆಸರು, ಬರೀ ನಂಬರ್: ಲ್ಯಾಬ್ ಕೌಂಟರಿನ ವಾಟ್ಸಾಪಿಗೆ ಉತ್ತರ ಬರೆಯುವ ಕ್ರಮ

ಮಂಗಳೂರಿನ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೌಂಟರಿನ ವಾಟ್ಸಾಪ್ ನೋಡಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬಂದಿರುವ ಮೆಸೇಜುಗಳಲ್ಲಿ ಕೆಲವು ಒಂದೇ ಪದದವು: ‘ಸುಮತಿ’. ಇನ್ನು ಕೆಲವು ಬರೀ ಹತ್ತು ಅಂಕಿ. ನಮಸ್ಕಾರವೂ ಇಲ್ಲ, ಪ್ರಶ್ನೆಯೂ ಇಲ್ಲ. ಕಳಿಸಿದವರ ಮಟ್ಟಿಗೆ ಅದು ಪೂರ್ತಿ ಮಾತು, ಯಾಕೆಂದರೆ ಕೌಂಟರಿಗೆ ಬಂದಾಗಲೂ ಅವರು ಹೆಸರು ಹೇಳಿ ಸುಮ್ಮನೆ ನಿಲ್ಲುತ್ತಾರೆ. ಆದರೆ ಕೌಂಟರಿನಲ್ಲಿ ಮುಖ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ.

‘ಸುಮತಿ’ ಎಂದು ಬರೆದವರು ಸುಮತಿಯೇ ಆಗಿರಬಹುದು. ಅವರ ಮಗ ಇರಬಹುದು, ಸೊಸೆ ಇರಬಹುದು, ಮದುವೆ ಮಾತುಕತೆಗೆ ಮೊದಲು ವಿಚಾರಿಸುವ ಎದುರಿನ ಮನೆಯವರೂ ಇರಬಹುದು. ಹಾಗಾಗಿ ನಮ್ಮಲ್ಲಿ ಮೊದಲ ನಿಯಮ ಇದು: ಉತ್ತರ ಮೊದಲು, ಹುಡುಕಾಟ ಆಮೇಲೆ. ಕಂಪ್ಯೂಟರಿನಲ್ಲಿ ಹೆಸರು ಹಾಕಿ ನೋಡಿ ನಂತರ ಬರೆದರೆ, ಕಂಡದ್ದು ಹೇಗೋ ವಾಕ್ಯದೊಳಗೆ ನುಸುಳುತ್ತದೆ. ಹುಡುಕುವ ಮೊದಲೇ ಎಲ್ಲರಿಗೂ ಹೋಗುವ ಉತ್ತರ ಒಂದೇ:

‘ನಮಸ್ಕಾರ. ನಿಮ್ಮ ಮೆಸೇಜ್ ಬಂದಿದೆ. ಯಾವ ವಿಷಯಕ್ಕೆ ಎಂದು ತಿಳಿಸುತ್ತೀರಾ? ರಿಪೋರ್ಟ್ ಬೇಕಿದ್ದರೆ ರಶೀದಿಯಲ್ಲಿರುವ ಬಿಲ್ ನಂಬರ್ ಮತ್ತು ತಾರೀಕು ಕಳಿಸಿ. ಟೆಸ್ಟಿನ ದರ, ಸಮಯ ಕೇಳುವುದಿದ್ದರೆ ಹಾಗೆಯೇ ಬರೆಯಿರಿ.’

ಇದರಲ್ಲಿ ಅವರು ಕಳಿಸಿದ ಹೆಸರು ಇಲ್ಲ, ನಂಬರೂ ಇಲ್ಲ. ‘ಅಕ್ಕ’, ‘ಸರ್’ ಎಂದೂ ಇಲ್ಲ, ಯಾಕೆಂದರೆ ಬರೆಯುತ್ತಿರುವವರು ಯಾರೆಂದೇ ಇನ್ನೂ ಗೊತ್ತಿಲ್ಲ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಇದನ್ನೇ ಸ್ವಾಗತ ಮೆಸೇಜಾಗಿ ಇಟ್ಟಿದ್ದೇವೆ. ಮೊದಲ ಸಲ ಬರೆದವರಿಗೆ, ಅಥವಾ 14 ದಿನ ಮಾತುಕತೆ ಇಲ್ಲದೆ ಮತ್ತೆ ಬರೆದವರಿಗೆ ಅದು ತಾನಾಗಿ ಹೋಗುತ್ತದೆ. ನಡುವೆ ಬಂದವರಿಗೆ ಕ್ವಿಕ್ ರಿಪ್ಲೈಯಿಂದ ಅದೇ ಉತ್ತರ.

ಈಗ ‘ಸುಮತಿ’ಯನ್ನು ಹುಡುಕಿ ನೋಡಿ. ಈ ಊರಿನಲ್ಲಿ ಸುಮತಿ ಶೆಟ್ಟಿ, ಸುಮತಿ ಪೂಜಾರಿ, ಸುಮತಿ ಭಟ್ ಎಲ್ಲರೂ ಉಂಟು. ಹೊಸಬರು ಇಲ್ಲಿ ಒಳ್ಳೆಯ ಮನಸ್ಸಿನಿಂದಲೇ ತಪ್ಪುತ್ತಾರೆ: ‘ಯಾವ ಸುಮತಿ, ಕದ್ರಿಯವರಾ ಸುರತ್ಕಲ್‌ನವರಾ?’ ಒಂದು ಪ್ರಶ್ನೆಯಲ್ಲಿ ಇಬ್ಬರು ಇಲ್ಲಿ ಪರೀಕ್ಷೆ ಮಾಡಿಸಿದ್ದು ಮೂರನೆಯವರಿಗೆ ತಿಳಿಯಿತು. ‘ಪೂಜಾರಿ ಅಲ್ವಾ?’ ಎಂದು ಅಡ್ಡಹೆಸರು ಸೇರಿಸುವುದು, ‘ಸ್ಪೆಲ್ಲಿಂಗ್ ನಮ್ಮಲ್ಲಿ ಬೇರೆ ಇದೆ’ ಎಂದು ತಿದ್ದುವುದು, ‘54 ವರ್ಷದವರಾ?’ ಎಂದು ಕೇಳುವುದು ಇವೆಲ್ಲ ಅದೇ ಜಾತಿಯ ತಪ್ಪು. ವಿವರ ಅವರಿಂದ ನಮ್ಮ ಕಡೆಗೆ ಬರಬೇಕು, ನಾವು ಹೊಂದಿಸಿ ನೋಡಬೇಕು. ನಾವೇ ವಿವರ ಮುಂದಿಟ್ಟರೆ ಆಚೆಯವರು ‘ಹೌದು’ ಎಂದರೆ ಮುಗಿಯಿತು, ಪರಿಶೀಲನೆ ಎಂಬುದೇ ಉಳಿಯುವುದಿಲ್ಲ.

‘ಆ ಹೆಸರಿನಲ್ಲಿ ಯಾರೂ ಇಲ್ಲ’ ಎಂಬ ಉತ್ತರದಲ್ಲಿ ಏನೂ ತಪ್ಪಿಲ್ಲ ಎಂದು ಅನಿಸುತ್ತದೆ. ಆದರೆ ಇಲ್ಲದಾಗ ‘ಇಲ್ಲ’ ಎಂದು ಹೇಳುವ ಅಭ್ಯಾಸ ಇದ್ದರೆ, ‘ಬಿಲ್ ನಂಬರ್ ಕಳಿಸಿ’ ಎಂಬ ಮಾತಿಗೆ ‘ಇದ್ದಾರೆ’ ಎಂಬ ಅರ್ಥ ಬಂದುಬಿಡುತ್ತದೆ. ಹೆಸರು ಇರಲಿ ಇಲ್ಲದಿರಲಿ, ನಮ್ಮ ಮಾತು ಬದಲಾಗಬಾರದು.

ನಂಬರಿನ ವಿಷಯ ಇನ್ನೂ ಸೂಕ್ಷ್ಮ. ಹತ್ತು ಅಂಕಿ, ಶುರು 6ರಿಂದ 9ರೊಳಗೆ, ಅಂದರೆ ಹೆಚ್ಚಾಗಿ ಮೊಬೈಲ್. 0824 ಮಂಗಳೂರಿನ, 0820 ಉಡುಪಿಯ ಲ್ಯಾಂಡ್‌ಲೈನ್. 971, 974, 966 ಎಂದು ಶುರುವಾದರೆ ದುಬೈ, ಕತಾರ್, ಸೌದಿ ಕಡೆಯದು. ಅಲ್ಲಿರುವ ಮಕ್ಕಳು ಇಲ್ಲಿಯ ಅಪ್ಪ ಅಮ್ಮನ ರಿಪೋರ್ಟ್ ಕೇಳುವುದು ನಮ್ಮಲ್ಲಿ ದಿನದ ಮಾತು. 12 ಅಂಕಿ ಬಂದರೆ ಎಚ್ಚರ: 91 ಸೇರಿಸಿದ ಮೊಬೈಲ್ ಇರಬಹುದು, ಆಧಾರ್ ಕೂಡ ಇರಬಹುದು. 91ರಿಂದ ಶುರುವಾಗುವ ಆಧಾರ್ ನಂಬರೂ ಇರಬಲ್ಲದು, ಹಾಗಾಗಿ ನೋಡಿ ತೀರ್ಮಾನಿಸಲಾಗದು. ‘ಇದು ನಿಮ್ಮ ಆಧಾರ್ ನಂಬರಾ?’ ಎಂದು ಅದನ್ನೇ ಮತ್ತೆ ಬರೆಯುವುದಿಲ್ಲ. ‘ಆಧಾರ್ ಬೇಡ, ಕಳಿಸಿದ್ದರೆ ಅಳಿಸಿಬಿಡಿ’ ಎಂದಷ್ಟೇ ಬರೆಯುತ್ತೇವೆ. ಆರು ಅಂಕಿ ಬಂದರೆ ಒಟಿಪಿ ತಪ್ಪಿ ಇಲ್ಲಿಗೆ ಬಂದಿರಬಹುದು. ಅದಕ್ಕೂ ಇದೇ ಕ್ರಮ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಬೆಳಿಗ್ಗೆ ಹತ್ತು ಅಂಕಿಯ ಒಂದು ಮೆಸೇಜ್ ಬಂತು ಎಂದುಕೊಳ್ಳಿ. ಕಳಿಸಿದ ಫೋನು ಬೇರೆ, ಬರೆದ ನಂಬರ್ ಬೇರೆ. ಕಂಪ್ಯೂಟರಿನಲ್ಲಿ ಆ ನಂಬರ್ ಹಾಕಿದರೆ ನಾಲ್ಕು ಹೆಸರು ಬರುತ್ತದೆ: ಅಪ್ಪ, ಅಮ್ಮ, ಮಗ, ಮಗಳು. ಇಡೀ ಮನೆಗೆ ಒಂದೇ ನಂಬರ್ ಕೊಡುವುದು ನಮ್ಮ ಕಡೆ ಸಾಮಾನ್ಯ. ‘ಯಾರ ರಿಪೋರ್ಟ್, ಅಮ್ಮನದಾ ಮಗಳದಾ?’ ಎಂದು ಕೇಳಿದರೆ ಮಗಳು ಬಂದು ಹೋದದ್ದು ಬಯಲಾಯಿತು, ಮನೆಯಲ್ಲಿ ಹೇಳಿರದಿದ್ದರೆ ಮುಂದಿನದು ಊಹಿಸಿ. ಇಂಥ ಕಡೆ ಬಿಲ್ ನಂಬರ್ ಬರುವ ತನಕ ಯಾರ ಹೆಸರನ್ನೂ ಎತ್ತುವುದಿಲ್ಲ. ಬಿಲ್ ನಂಬರ್ ಮತ್ತು ತಾರೀಕು ಎರಡೂ ಹೊಂದಿದರೆ, ಆ ಬಿಲ್ಲಿನ ರಿಪೋರ್ಟ್ ಮಾತ್ರ, ಅದೂ ರಿಜಿಸ್ಟರ್ ಆದ ನಂಬರಿಗೆ. ಮೆಸೇಜ್ ಬಂದ ಫೋನಿಗೇ ಬೇಕೆಂದರೆ, ಕೌಂಟರಿನ ಫೋನಿನಿಂದ ರಿಜಿಸ್ಟರ್ ಆದ ನಂಬರಿಗೆ ಕರೆ ಮಾಡಿ ರೋಗಿಯನ್ನೇ ಕೇಳುತ್ತೇವೆ. ಬೇರೆಯವರು ಎತ್ತಿದರೆ ‘ಅವರು ಬಂದ ಮೇಲೆ ಈ ನಂಬರಿಗೆ ಫೋನ್ ಮಾಡಲಿ’ ಎಂದಷ್ಟೇ. ಮಗಳ ಬಿಲ್ಲಿನಲ್ಲಿ ಮನೆಯ ನಂಬರೇ ಇದ್ದರೆ ಈ ಕ್ರಮವೂ ಸಾಲದು, ಅಲ್ಲಿ ಅವಳನ್ನು ಕಾಪಾಡುವುದು ರಶೀದಿ ಅವಳ ಕೈಯಲ್ಲೇ ಇರುವುದು ಮಾತ್ರ. ಆದ್ದರಿಂದ ಬಿಲ್ ಮಾಡುವಾಗಲೇ ‘ರಿಪೋರ್ಟ್ ಯಾವ ನಂಬರಿಗೆ ಕಳಿಸಲಿ?’ ಎಂದು ಪ್ರತಿಯೊಬ್ಬರನ್ನೂ ಬೇರೆಯಾಗಿ ಕೇಳುತ್ತೇವೆ. ಎಚ್‌ಐವಿ ಪರೀಕ್ಷೆಯ ಫಲಿತಾಂಶವನ್ನಂತೂ ವಾಟ್ಸಾಪಿನಲ್ಲಿ ಕಳಿಸುವುದೇ ಇಲ್ಲ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಅದನ್ನು ಬೇರೆಯವರಿಗೆ ತಿಳಿಸಲು ಆ ವ್ಯಕ್ತಿಯ ಒಪ್ಪಿಗೆ ಬೇಕು.

ಗಮನಕ್ಕೆ ಬಾರದೆ ನಂಬರ್ ಮರಳಿ ಹೋಗುವ ದಾರಿಗಳೂ ಇವೆ. ಮೆಸೇಜನ್ನು ಬಲಕ್ಕೆ ಎಳೆದು ಉತ್ತರಿಸಿದರೆ ಅವರ ಸಾಲು ನಮ್ಮ ಉತ್ತರದ ತಲೆಯ ಮೇಲೆ ಕೂರುತ್ತದೆ. ನಾವು ಬರೆದದ್ದು ಅವರ ಫೋನು ಲಾಕ್ ಆಗಿದ್ದರೂ ಪರದೆಯ ಮೇಲೆ ಕಾಣಬಹುದು, ಆ ಫೋನು ಮೇಜಿನ ಮೇಲೆ ಯಾರ ಎದುರಿಗೆ ಬಿದ್ದಿದೆಯೋ. ಸಿಬ್ಬಂದಿಯ ಗ್ರೂಪಿನಲ್ಲಿ ‘ಈ ನಂಬರ್ ಯಾರದ್ದು?’ ಎಂದು ಹಾಕುವುದೂ ಮರಳಿ ಹೇಳಿದ ಹಾಗೆಯೇ. ನಾವು ಕೊನೆಯ ಎರಡು ಅಂಕಿ ಮತ್ತು ಮೆಸೇಜ್ ಬಂದ ಸಮಯ ಮಾತ್ರ ಬರೆಯುತ್ತೇವೆ. ಟ್ರೂಕಾಲರ್‌ನಲ್ಲಿ ಕಂಡ ಹೆಸರಿನಿಂದ ಕರೆಯುವುದಂತೂ ಬೇಡವೇ ಬೇಡ. ಬೇರೆಯವರು ಸೇವ್ ಮಾಡಿಕೊಂಡದ್ದೇ ಅಲ್ಲಿ ಬರಬಹುದು, ‘ಸುರೇಶ ಮೀನು’ ಎಂದೋ ‘ರಿಕ್ಷಾ ರಮೇಶ’ ಎಂದೋ.

ತಪ್ಪಿ ಬರೆದುಬಿಟ್ಟರೆ ‘ಎಲ್ಲರಿಗೂ ಅಳಿಸು’ ಎಂಬ ಆಯ್ಕೆ ಸುಮಾರು ಎರಡು ದಿನ ಇರುತ್ತದೆ. ಆದರೆ ಎರಡು ನೀಲಿ ಗೆರೆ ಬಂದ ಮೇಲೆ ಅಳಿಸಿದರೆ ಓದಿದ್ದು ಓದಿಯೇ ಆಯಿತು. ಆಗ ಅಳಿಸಿ ಸುಮ್ಮನಾಗುವ ಬದಲು, ಯಾರ ವಿವರ ಹೋಯಿತೋ ಅವರಿಗೆ ಅದೇ ದಿನ ಫೋನ್ ಮಾಡಿ ಏನು ಹೋಯಿತು, ಯಾವ ನಂಬರಿಗೆ ಹೋಯಿತು ಎಂದು ಹೇಳುತ್ತೇವೆ.