ಚಂದಾದಾರರು ಬಿಡುತ್ತಿದ್ದದ್ದು ಮೂರನೇ ತಿಂಗಳಲ್ಲಿ

ಮೈಸೂರಿನಲ್ಲಿ ನಮ್ಮದು ಚಿಕ್ಕ ತರಕಾರಿ ಬಾಕ್ಸ್ ವ್ಯವಹಾರ, ತಿಂಗಳ ಚಂದಾ. ಪ್ರತಿ ತಿಂಗಳೂ ಒಂದಷ್ಟು ಜನ ಬಿಡುತ್ತಿದ್ದರು. ಸೊಪ್ಪು ಬಾಡಿರುತ್ತೆ, ಅದಕ್ಕೇ ಅಂತ ನಾನು ಸುಮ್ನೆ ಊಹಿಸಿಕೊಂಡಿದ್ದೆ.

ಮೇ ಮಧ್ಯದಲ್ಲಿ ಕೋಹಾರ್ಟ್ ಟೇಬಲ್ ಮಾಡಿದೆ. ಒಂದು ಸಾಲು ಅಂದರೆ ಒಂದೇ ತಿಂಗಳಲ್ಲಿ ಸೇರಿದವರು. ಕಾಲಮ್ ಅಂದರೆ ಸೇರಿ ಎಷ್ಟು ತಿಂಗಳಾಯಿತು ಅನ್ನೋದು. ಮನೆಯೊಳಗಿನ ಅಂಕಿ, ಆ ತಿಂಗಳು ದುಡ್ಡು ಕಟ್ಟಿದವರು.

```
        0   1   2   3
ಜನವರಿ  40  36  22  20
ಫೆಬ್ರವರಿ 50  45  27  13
ಮಾರ್ಚ್  44  40  18
```

ಮೊದಲು ಕಣ್ಣಿಗೆ ಬಿದ್ದದ್ದು 13 ಮತ್ತು 18. ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು, ಅವೆರಡೂ ಮೇ ತಿಂಗಳವು. ತಿಂಗಳು ಮುಗಿದಿಲ್ಲ, ಅರ್ಧ ಜನ ಇನ್ನೂ ಕಟ್ಟಿಲ್ಲ ಅಷ್ಟೇ. ಅವನ್ನು ಅಳಿಸಿದೆ.

ಉಳಿದದ್ದನ್ನು ಮೊದಲ ಕಾಲಮ್‌ಗೆ ಹೋಲಿಸದೆ, ಹಿಂದಿನ ಮನೆಗೆ ಹೋಲಿಸಿದೆ. 36ರಿಂದ 22, 45ರಿಂದ 27. ಎರಡರಲ್ಲೂ ಸುಮಾರು 40% ಜನ ಒಂದೇ ಹೆಜ್ಜೆಯಲ್ಲಿ ಹೋಗಿದ್ದಾರೆ! ಅದು ದಾಟಿದ ಜನವರಿಯವರಲ್ಲಿ ಬಿಟ್ಟವರು ಇಬ್ಬರೇ. ಒಂದೇ ಕ್ಯಾಲೆಂಡರ್ ತಿಂಗಳ ಅಂಕಿಗಳು ಟೇಬಲ್‌ನಲ್ಲಿ ಓರೆಯಾಗಿ ಬೀಳುತ್ತವೆ, ಹಾಗಾಗಿ ಕುಸಿತ ಓರೆಯಾಗಿ ಇಳಿದಿದ್ದರೆ ಯಾವುದೋ ಒಂದು ತಿಂಗಳ ತೊಂದರೆ ಅನ್ನಬಹುದಿತ್ತು. ಇಲ್ಲಿ ಒಂದೇ ಕಾಲಮ್‌ನಲ್ಲಿತ್ತು, 2ರಲ್ಲಿ. ಎಣಿಕೆ 0ಯಿಂದ ಶುರು, ಅಂದರೆ ಅದು ಸೇರಿದ ಮೂರನೇ ತಿಂಗಳು.

ಮೊದಲೆರಡು ತಿಂಗಳು ಅರ್ಧ ಬೆಲೆ ಕೊಡುತ್ತಿದ್ದೆವು. ಮೂರನೆಯದಕ್ಕೆ ಹೇಳದೆ ಕೇಳದೆ ಪೂರ್ತಿ ಬಿಲ್. ಸೊಪ್ಪಿನ ಮೇಲೆ ಗೂಬೆ ಕೂರಿಸಿದ್ದು ನಾನೇ ಅಲ್ವಾ!

ಜೂನ್‌ನಲ್ಲಿ ಸೇರಿದವರಿಗೆ ಪೂರ್ತಿ ಬಿಲ್‌ಗೆ ಹತ್ತು ದಿನ ಮುಂಚೆ ಹೊಸ ಬೆಲೆ ತಿಳಿಸಿ, ಬೇಕಾದರೆ ಚಿಕ್ಕ ಬಾಕ್ಸ್ ತಗೊಳ್ಳಿ ಅಂದೆವು. ಆ ಸಾಲು 42, 38, 31. ಒಂದೇ ಗುಂಪಿನ ಲೆಕ್ಕ ಇದು, ಜುಲೈನವರದನ್ನು ಕಾಯುತ್ತಿದ್ದೇನೆ.